ಡೆಸ್ಕ್‌ಟಾಪ್ ಕಾಣಿಸಿದ ಮೇಲೂ ಕಾಯಿಸುವ ಕಂಪ್ಯೂಟರ್

ಪವರ್ ಬಟನ್ ಒತ್ತಿದಾಗಿನಿಂದ ಕೆಲಸಕ್ಕೆ ಕೈ ಹಾಕುವವರೆಗಿನ ಸಮಯವನ್ನು ಜನ ಒಟ್ಟಾಗಿ ಬೂಟ್ ಆಗುವ ಸಮಯ ಎನ್ನುತ್ತಾರೆ. ವಿಂಡೋಸ್ ಕಂಪ್ಯೂಟರಿನಲ್ಲಿ ಈ ಹೊತ್ತಿನೊಳಗೆ ಒಂದರ ಬೆನ್ನಿಗೊಂದು ನಾಲ್ಕು ಕೆಲಸಗಳು ನಡೆಯುತ್ತವೆ. ಮೊದಲು ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಎದ್ದು ಮೆಮೊರಿ, ಡಿಸ್ಕ್, ಕೀಬೋರ್ಡುಗಳು ಸರಿಯಿವೆಯೇ ಎಂದು ನೋಡುತ್ತದೆ. ಹಳೆಯ ಯಂತ್ರಗಳಲ್ಲಿ ಇದನ್ನು ಬಯಾಸ್ ಎನ್ನುತ್ತಿದ್ದರು, ಈಚಿನವುಗಳಲ್ಲಿ ಇರುವುದು ಯುಇಎಫ್‌ಐ. ಎರಡನೆಯದಾಗಿ ಡಿಸ್ಕಿನಿಂದ ವಿಂಡೋಸಿನ ತಿರುಳು, ಡ್ರೈವರುಗಳು ಮತ್ತು ಹಿನ್ನೆಲೆಯ ಸರ್ವಿಸ್‌ಗಳು ಮೆಮೊರಿಗೆ ಬಂದು, ಪಾಸ್‌ವರ್ಡ್ ಕೇಳುವ ಪರದೆ ಕಾಣಿಸುತ್ತದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಬಳಕೆದಾರರ ಸೆಟ್ಟಿಂಗುಗಳು ಸೇರಿ ಡೆಸ್ಕ್‌ಟಾಪ್ ಮೂಡುವುದು ಮೂರನೆಯದು. ನಾಲ್ಕನೆಯದು, ‘ನಾವೂ ಇದ್ದೇವೆ’ ಎಂದು ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿರುವ ಪ್ರೋಗ್ರಾಂಗಳೆಲ್ಲ ತಾವಾಗಿಯೇ ಶುರುವಾಗುವುದು.

ಈ ಕೊನೆಯ ಗುಂಪೇ ಸ್ಟಾರ್ಟ್‌ಅಪ್ ಪ್ರೋಗ್ರಾಂಗಳು. ಇವುಗಳನ್ನು ಕಡಿಮೆ ಮಾಡಿದರೆ ಸುಧಾರಿಸುವುದು ಮುಖ್ಯವಾಗಿ ನಾಲ್ಕನೆಯ ಹಂತ. ಪಾಸ್‌ವರ್ಡ್ ಪರದೆ ಬರುವುದೇ ತಡವಾಗುತ್ತಿದ್ದರೆ ಪಟ್ಟಿಯನ್ನು ಎಷ್ಟು ಬೋಳಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ. ಆದ್ದರಿಂದ ಯಾವ ಹಂತ ಹೊತ್ತು ತಿನ್ನುತ್ತಿದೆ ಎಂದು ಅಳೆಯುವುದು ಮೊದಲಿನ ಕೆಲಸ, ಪಟ್ಟಿಗೆ ಕೈ ಹಾಕುವುದು ಆಮೇಲಿನದು. ಹೆಚ್ಚಿನವರು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಸಿಕ್ಕಿದ್ದನ್ನೆಲ್ಲ ಆಫ್ ಮಾಡಿ, ‘ಈಗ ಸ್ವಲ್ಪ ಚುರುಕಾಗಿದೆ ಅನ್ನಿಸುತ್ತದೆ’ ಎಂದು ಸಮಾಧಾನ ಪಡುತ್ತಾರೆ.

ಒಟ್ಟಿಗೆ ಎದ್ದ ಪ್ರೋಗ್ರಾಂಗಳು ಅಷ್ಟೊಂದು ಕಾಯಿಸುವುದೇಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಡಿಸ್ಕಿನಲ್ಲಿದೆ. ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ಮುಳ್ಳು ಸರಿಯಾದ ಪಥಕ್ಕೆ ಸರಿಯಬೇಕು. ಎರಡೂ ಸೇರಿದರೆ ಒಂದು ಓದಿಗೆ 15 ಮಿಲಿಸೆಕೆಂಡಿನ ಆಸುಪಾಸು ಬೇಕು. ಡಿಸ್ಕಿನ ಮೂಲೆಮೂಲೆಗಳಲ್ಲಿ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಎಪ್ಪತ್ತರಷ್ಟೂ ಓದಲು ಆಗುವುದಿಲ್ಲ. ಹತ್ತು ಪ್ರೋಗ್ರಾಂಗಳು ಏಕಕಾಲಕ್ಕೆ ಎದ್ದು ತಂತಮ್ಮ ಫೈಲುಗಳನ್ನು ಕೇಳಿದಾಗ, ದಾಖಲೆ ಕೊಠಡಿಯ ಒಬ್ಬನೇ ಗುಮಾಸ್ತನನ್ನು ಹತ್ತು ಮಂದಿ ಹತ್ತು ಕಪಾಟಿಗೆ ಓಡಿಸಿದಂತಾಗುತ್ತದೆ. ಒಬ್ಬರ ಕಡತವನ್ನು ಪೂರ್ತಿ ತಂದುಕೊಡುವ ಮೊದಲೇ ಇನ್ನೊಬ್ಬರ ಕರೆ ಬಂದಿರುತ್ತದೆ. ಡೆಸ್ಕ್‌ಟಾಪ್ ಕಣ್ಣಿಗೆ ಕಾಣುತ್ತಿದ್ದರೂ ಐಕಾನ್ ಒತ್ತಿದರೆ ಏನೂ ಆಗದಿರುವುದು ಇದರಿಂದಲೇ. ಬಳಕೆದಾರರು ತೆರೆಯಲು ಹೊರಟ ಬ್ರೌಸರ್ ಸಾಲಿನಲ್ಲಿ ಹನ್ನೊಂದನೆಯದು!

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಚದುರಿದ ಓದುಗಳನ್ನು ಅದು ಸೆಕೆಂಡಿಗೆ ಸಾವಿರಗಟ್ಟಲೆ ಮಾಡಬಲ್ಲದು. ಅದರಲ್ಲಿ ಸ್ಟಾರ್ಟ್‌ಅಪ್ ಪಟ್ಟಿ ಉದ್ದವಾಗಿದ್ದರೂ ಕಾಯುವಿಕೆ ಸಣ್ಣದಾಗಿಯೇ ಇರುತ್ತದೆ. ಅಲ್ಲಿ ಪಟ್ಟಿ ಕತ್ತರಿಸುವುದರ ಲಾಭ ಸಮಯಕ್ಕಿಂತ ಹೆಚ್ಚಾಗಿ ಮೆಮೊರಿಯಲ್ಲಿ ಕಾಣುತ್ತದೆ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಅದೂ ಸಣ್ಣ ಲಾಭವಲ್ಲ.

ಅಳೆಯಲು ಹೊಸ ತಂತ್ರಾಂಶವೇನೂ ಬೇಕಿಲ್ಲ. ಮೊದಲನೆಯ ಹಂತದ ಅಂಕಿಯನ್ನು ಟಾಸ್ಕ್ ಮ್ಯಾನೇಜರೇ ತೋರಿಸುತ್ತದೆ. Ctrl+Shift+Esc ಒತ್ತಿ Startup apps ಪುಟಕ್ಕೆ ಹೋದರೆ (ವಿಂಡೋಸ್ 10ರಲ್ಲಿ ಅದರ ಹೆಸರು ಬರೀ Startup) ಬಲಗಡೆ ಮೇಲ್ತುದಿಯಲ್ಲಿ Last BIOS time ಎಂದು ಸೆಕೆಂಡುಗಳಲ್ಲಿ ಬರೆದಿರುತ್ತದೆ. ವಿಂಡೋಸಿಗೆ ಅಧಿಕಾರ ವಹಿಸಿಕೊಡುವ ಮುನ್ನ ಫರ್ಮ್‌ವೇರ್ ತೆಗೆದುಕೊಂಡ ಸಮಯ ಅದು. ಹಳೆಯ ಬಯಾಸ್ ಮಾದರಿಯಲ್ಲಿ ಬೂಟ್ ಆಗುವ ಯಂತ್ರಗಳಲ್ಲಿ ಈ ಸಾಲು ಕಾಣದಿರಬಹುದು. ಅಂಕಿ ಹತ್ತು ಸೆಕೆಂಡಿನೊಳಗಿದ್ದರೆ ಚಿಂತೆಯಿಲ್ಲ. ಇಪ್ಪತ್ತು, ಮೂವತ್ತು ಎಂದಿದ್ದರೆ ಕಾರಣ ವಿಂಡೋಸಿನಲ್ಲಿಲ್ಲ. ಚುಚ್ಚಿಟ್ಟು ಮರೆತ ಹೊರಗಿನ ಡಿಸ್ಕನ್ನೋ, ಬೂಟ್ ಕ್ರಮದಲ್ಲಿ ಎಲ್ಲಕ್ಕಿಂತ ಮೇಲಿರುವ ನೆಟ್‌ವರ್ಕ್ ಬೂಟನ್ನೋ ಯಂತ್ರ ಪ್ರತಿಸಲವೂ ತಡಕಾಡುತ್ತಿರಬಹುದು. ಅದನ್ನು ಫರ್ಮ್‌ವೇರಿನ ಸೆಟ್ಟಿಂಗಿನಲ್ಲೇ ಸರಿಪಡಿಸಬೇಕು.

ಉಳಿದ ಹಂತಗಳ ಲೆಕ್ಕವನ್ನು ವಿಂಡೋಸ್ ಸದ್ದಿಲ್ಲದೆ ಬರೆದಿಡುತ್ತದೆ. ಸ್ಟಾರ್ಟ್ ಮೆನುವಿನಲ್ಲಿ Event Viewer ಎಂದು ಹುಡುಕಿ, ಬಲ ಗುಂಡಿ ಒತ್ತಿ Run as administrator ಎಂದು ತೆರೆದು, ಎಡಗಡೆಯ ಪಟ್ಟಿಯಲ್ಲಿ ಈ ಹಾದಿ ಹಿಡಿಯಬೇಕು:

```
Applications and Services Logs
  Microsoft > Windows > Diagnostics-Performance > Operational
```

ಅಲ್ಲಿ Event ID ಕಂಬದಲ್ಲಿ 100 ಎಂದಿರುವ ಪ್ರತಿ ಸಾಲೂ ಒಂದು ಬೂಟ್‌ನ ದಾಖಲೆ. ಅದನ್ನು ತೆರೆದು Details ಪುಟಕ್ಕೆ ಹೋದರೆ ಹತ್ತಾರು ಅಂಕಿಗಳು ಕಾಣುತ್ತವೆ. ಬೇಕಾದವು ಎರಡೇ. MainPathBootTime ಎಂಬುದು ವಿಂಡೋಸಿನ ಲೋಗೋ ಕಾಣಿಸಿದಾಗಿನಿಂದ ಡೆಸ್ಕ್‌ಟಾಪ್ ಮೂಡುವವರೆಗಿನದು. BootPostBootTime ಡೆಸ್ಕ್‌ಟಾಪ್ ಮೂಡಿದ ಮೇಲೆ ಯಂತ್ರ ತಹಬಂದಿಗೆ ಬರುವವರೆಗಿನದು. ಸ್ಟಾರ್ಟ್‌ಅಪ್ ಪ್ರೋಗ್ರಾಂಗಳ ಗದ್ದಲವೆಲ್ಲ ಈ ಎರಡನೆಯದರಲ್ಲಿದೆ. ಎರಡರ ಮೊತ್ತವನ್ನು BootTime ಎಂದು ಕೊಟ್ಟಿರುತ್ತಾರೆ. ಮೂರೂ ಮಿಲಿಸೆಕೆಂಡುಗಳಲ್ಲಿರುತ್ತವೆ, ಸಾವಿರದಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ. ಅದೇ ಲಾಗಿನಲ್ಲಿ 101ನೆಯ ಸಂಖ್ಯೆಯ ಸಾಲು ಇದ್ದರೆ ಯಾವುದೋ ಪ್ರೋಗ್ರಾಂ, 102 ಇದ್ದರೆ ಡ್ರೈವರ್, 103 ಇದ್ದರೆ ಸರ್ವಿಸ್ ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿದೆ ಎಂದರ್ಥ. ಅದರ ಹೆಸರೂ ಅಲ್ಲೇ ಇರುತ್ತದೆ.

ಯಂತ್ರ ‘ತಹಬಂದಿಗೆ ಬಂತು’ ಎಂದು ವಿಂಡೋಸ್ ತೀರ್ಮಾನಿಸುವ ಕ್ರಮ ಸ್ವಾರಸ್ಯಕರವಾಗಿದೆ. ಪ್ರೊಸೆಸರ್ ಮತ್ತು ಡಿಸ್ಕ್ ಬಹುಪಾಲು ಬಿಡುವಾಗಿರುವ ಹೊತ್ತು ಒಟ್ಟು ಹತ್ತು ಸೆಕೆಂಡಿನಷ್ಟು ಕೂಡುವವರೆಗೆ ಅದು ಕಾದು, ಬಳಿಕ ಆ ಹತ್ತು ಸೆಕೆಂಡನ್ನು ಲೆಕ್ಕದಿಂದ ಕಳೆಯುತ್ತದೆ. ಹಾಗಾಗಿ ಡೆಸ್ಕ್‌ಟಾಪ್ ಬಂದ ಕೂಡಲೇ ಬ್ರೌಸರ್ ತೆರೆದು ಕುಳಿತರೆ ಆ ಕೆಲಸವೂ ಬೂಟ್‌ನ ಖಾತೆಗೆ ಜಮೆಯಾಗಿ ಅಂಕಿ ಉಬ್ಬುತ್ತದೆ. ಅಳತೆಗೆಂದು ಬೂಟ್ ಮಾಡಿದಾಗ ಪಾಸ್‌ವರ್ಡ್ ಕೊಟ್ಟ ಮೇಲೆ ಮೌಸ್, ಕೀಬೋರ್ಡ್ ಮುಟ್ಟದೆ ನಾಲ್ಕೈದು ನಿಮಿಷ ಬಿಡಬೇಕು. ದಾಖಲೆ ಲಾಗಿಗೆ ಬರುವುದೂ ಆ ಬಳಿಕವೇ.

ಇದರ ಜತೆಗೆ ಫೋನಿನ ಸ್ಟಾಪ್‌ವಾಚ್ ಹಿಡಿದು ಮಾಡುವ ಅಳತೆಯೂ ಬೇಕು, ಏಕೆಂದರೆ ಬಳಕೆದಾರರಿಗೆ ತಟ್ಟುವುದು ಅದೇ. ಪಾಸ್‌ವರ್ಡ್ ಬರೆದು Enter ಒತ್ತಿದಾಗ ಶುರು ಮಾಡಿ, ಡೆಸ್ಕ್‌ಟಾಪ್ ಕಂಡೊಡನೆ ನಿಗದಿ ಮಾಡಿಕೊಂಡ ಒಂದೇ ಪ್ರೋಗ್ರಾಮನ್ನು ಒತ್ತಿ, ಅದರ ಕಿಟಕಿ ಪೂರ್ತಿ ತೆರೆದಾಗ ನಿಲ್ಲಿಸಬೇಕು. ಪ್ರತಿಸಲವೂ ಅದೇ ಪ್ರೋಗ್ರಾಂ ಆಗಿರಬೇಕು. ಈ ಅಳತೆಯನ್ನೂ ಲಾಗಿನ ಅಳತೆಯನ್ನೂ ಒಂದೇ ಬೂಟ್‌ನಲ್ಲಿ ತೆಗೆಯಲಾಗದು. ಒಂದರಲ್ಲಿ ಯಂತ್ರವನ್ನು ಮುಟ್ಟಬಾರದು, ಇನ್ನೊಂದರಲ್ಲಿ ಮುಟ್ಟಲೇಬೇಕು.

ಅಳತೆಯನ್ನು ಹಾಳುಮಾಡುವ ದೊಡ್ಡ ಕಾರಣವೆಂದರೆ ಫಾಸ್ಟ್ ಸ್ಟಾರ್ಟ್‌ಅಪ್. ವಿಂಡೋಸ್ 8ರೊಂದಿಗೆ 2012ರಲ್ಲಿ ಬಂದ ಈ ವ್ಯವಸ್ಥೆ ಚಾಲೂ ಇದ್ದರೆ Shut down ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಬಳಕೆದಾರರ ಪ್ರೋಗ್ರಾಂಗಳನ್ನು ಮುಚ್ಚಿ, ತನ್ನ ತಿರುಳಿನ ಮತ್ತು ಡ್ರೈವರುಗಳ ಸ್ಥಿತಿಯನ್ನು hiberfil.sys ಎಂಬ ಫೈಲಿಗೆ ಬರೆದು ಮಲಗುತ್ತದೆ. ಮಾರನೆಯ ದಿನ ಅದನ್ನೇ ಓದಿಕೊಂಡು ಏಳುವುದರಿಂದ ಎರಡನೆಯ ಹಂತ ಚಿಕ್ಕದಾಗುತ್ತದೆ. Restart ಕೊಟ್ಟರೆ ಮಾತ್ರ ಎಲ್ಲವೂ ಮೊದಲಿನಿಂದ ನಡೆಯುತ್ತದೆ. ಟಾಸ್ಕ್ ಮ್ಯಾನೇಜರಿನ Performance ಪುಟದಲ್ಲಿ CPU ಕೆಳಗಿರುವ Up time ನೋಡಿದರೆ ಇದು ಗೊತ್ತಾಗುತ್ತದೆ. ದಿನವೂ ರಾತ್ರಿ ಆಫ್ ಮಾಡಿದ ಕಂಪ್ಯೂಟರ್ ಅಲ್ಲಿ ಹನ್ನೆರಡು ದಿನಗಳಿಂದ ಎದ್ದಿದೆ ಎಂದು ತೋರಿಸುವುದುಂಟು. ಸ್ಟಾರ್ಟ್‌ಅಪ್ ಪ್ರೋಗ್ರಾಂಗಳಂತೂ ಎರಡು ಬಗೆಯಲ್ಲೂ ಹೊಸದಾಗಿಯೇ ಶುರುವಾಗುತ್ತವೆ. ಬದಲಾವಣೆಗೆ ಮುಂಚೆ ಶಟ್‌ಡೌನ್, ಆಮೇಲೆ ರೀಸ್ಟಾರ್ಟ್ ಮಾಡಿ ಅಳೆದರೆ ಹೋಲಿಕೆಗೆ ಅರ್ಥವಿಲ್ಲ. ಎರಡೂ ಸಲ Restart ಕೊಟ್ಟೇ ಅಳೆಯುವುದು ಒಳ್ಳೆಯದು. ಪೂರ್ತಿ ಆಫ್ ಮಾಡಿ ಅಳೆಯಬೇಕೆನ್ನುವವರು ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಬರೆದರೆ ಸಾಕು:

```
shutdown /s /t 0
```

ಎರಡನೆಯ ತೊಡಕು, ಒಂದು ಬೂಟ್ ಇನ್ನೊಂದರಂತಿರುವುದಿಲ್ಲ. ಅಪ್‌ಡೇಟ್ ಬಂದ ಮೇಲಿನ ಮೊದಲ ರೀಸ್ಟಾರ್ಟ್ ಯಾವಾಗಲೂ ಉದ್ದ. ಇದಲ್ಲದೆ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ರೆಡಿಬೂಟ್ ಎಂಬ ವ್ಯವಸ್ಥೆ ಹಿಂದಿನ ಐದು ಬೂಟ್‌ಗಳಲ್ಲಿ ಯಾವ ಫೈಲುಗಳನ್ನು ಓದಲಾಯಿತೆಂದು ನೆನಪಿಟ್ಟುಕೊಂಡು ಮುಂದಿನ ಸಲ ಅವನ್ನು ಮೊದಲೇ ತಂದಿಡುತ್ತದೆ. ಪಟ್ಟಿ ಬದಲಾದ ಮೇಲೆ ಅದರ ಲೆಕ್ಕಾಚಾರವೂ ಹೊಂದಿಕೊಳ್ಳಬೇಕು. ಆದ್ದರಿಂದ ಬದಲಾವಣೆಯಾದ ಮೇಲಿನ ಮೊದಲ ಬೂಟ್‌ನ ಅಂಕಿಯನ್ನು ಕೈಬಿಟ್ಟು, ಮುಂದಿನ ಮೂರನ್ನು ಬರೆದುಕೊಂಡು, ಅವುಗಳಲ್ಲಿ ನಡುವಿನದನ್ನು ಇಟ್ಟುಕೊಳ್ಳುವುದು ವಾಡಿಕೆ. ಸರಾಸರಿ ತೆಗೆದರೆ ಒಂದೇ ಒಂದು ಕೆಟ್ಟ ಬೂಟ್ ಇಡೀ ಲೆಕ್ಕವನ್ನು ಎಳೆದುಬಿಡುತ್ತದೆ.

ಈಗ ಪಟ್ಟಿ. ಟಾಸ್ಕ್ ಮ್ಯಾನೇಜರಿನ ಅದೇ ಪುಟದಲ್ಲಿ ಪ್ರತಿ ಪ್ರೋಗ್ರಾಮಿನ ಹೆಸರು, ತಯಾರಿಸಿದವರು, Enabled ಅಥವಾ Disabled ಎಂಬ ಸ್ಥಿತಿ ಮತ್ತು Startup impact ಇರುತ್ತವೆ. ಈ ಕೊನೆಯ ಕಂಬದ High, Medium, Low ಗಳಿಗೆ ನಿಶ್ಚಿತ ಅಳತೆಯಿದೆ. ಶುರುವಾಗುವಾಗ ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ಸಮಯವನ್ನೋ ಡಿಸ್ಕಿನ 3 ಎಂಬಿಗಿಂತ ಹೆಚ್ಚು ಓದುಬರಹವನ್ನೋ ಬಳಸಿದ್ದು High. ಸಮಯ 0.3 ಸೆಕೆಂಡಿಗಿಂತಲೂ ಓದುಬರಹ 300 ಕೆಬಿಗಿಂತಲೂ ಕಡಿಮೆಯಿದ್ದರೆ Low. ನಡುವಿನವೆಲ್ಲ Medium. 3 ಎಂಬಿ ಎಂಬುದು ಇಂದಿನ ಪ್ರೋಗ್ರಾಂಗಳಿಗೆ ತೀರಾ ಸಣ್ಣ ಮಿತಿ. ಅದನ್ನು ಕೂದಲೆಳೆಯಷ್ಟು ದಾಟಿದ್ದೂ 200 ಎಂಬಿ ಓದಿದ್ದೂ ಒಂದೇ ಹಣೆಪಟ್ಟಿ ಹೊತ್ತಿರುತ್ತವೆ. ಕಂಬಗಳ ತಲೆಬರಹದ ಮೇಲೆ ಬಲ ಗುಂಡಿ ಒತ್ತಿ Disk I/O at startup ಮತ್ತು CPU at startup ಎಂಬೆರಡನ್ನು ಸೇರಿಸಿಕೊಂಡರೆ ನಿಜವಾದ ಅಂಕಿಗಳೇ ಕಾಣುತ್ತವೆ. ಹಾರ್ಡ್ ಡಿಸ್ಕ್ ಇದ್ದರೆ ಮೊದಲನೆಯದನ್ನು ನೋಡಿ ನಿರ್ಧರಿಸುವುದು ಸರಿ.

ಆಫ್ ಮಾಡುವುದು ಸುಲಭ: ಹೆಸರಿನ ಮೇಲೆ ಬಲ ಗುಂಡಿ, Disable. ಇದರಿಂದ ಪ್ರೋಗ್ರಾಂ ಅಳಿದುಹೋಗುವುದಿಲ್ಲ. ತಾನಾಗಿ ಏಳುವುದು ನಿಲ್ಲುತ್ತದೆ, ಅಷ್ಟೆ. ಬೇಕಾದಾಗ ಐಕಾನ್ ಒತ್ತಿ ತೆರೆಯಬಹುದು, ಬೇಡವೆನಿಸಿದರೆ ಮತ್ತೆ Enable ಮಾಡಬಹುದು. ಯಾವುದನ್ನು ಆಫ್ ಮಾಡಬೇಕು ಎಂಬುದಕ್ಕೆ ಒಂದೇ ಪ್ರಶ್ನೆ ಸಾಕು: ಕಂಪ್ಯೂಟರ್ ಎದ್ದ ಕ್ಷಣದಿಂದಲೇ ಇದು ಹಿನ್ನೆಲೆಯಲ್ಲಿ ನಡೆಯುತ್ತಿರಬೇಕೇ? ಸಂಗೀತ ಕೇಳುವ ಪ್ರೋಗ್ರಾಂ, ಆಟಗಳ ಅಂಗಡಿ, ವಾರಕ್ಕೊಮ್ಮೆ ಬಳಸುವ ಮೀಟಿಂಗ್ ಆ್ಯಪ್, ಪಿಡಿಎಫ್ ಓದುವ ಪ್ರೋಗ್ರಾಮಿನ ಸಹಾಯಕ, ಇವಕ್ಕೆಲ್ಲ ಉತ್ತರ ಇಲ್ಲ ಎಂದೇ. ಟಚ್‌ಪ್ಯಾಡ್ ಮತ್ತು ಧ್ವನಿಗೆ ಸಂಬಂಧಿಸಿದವನ್ನು ಬಿಡುವುದು ಲೇಸು, ತೆಗೆದರೆ ಬೆರಳಾಡಿಸಿ ಪುಟ ಸರಿಸುವಂಥ ಸೌಕರ್ಯ ಮಾಯವಾಗಬಹುದು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕಚೇರಿಗಳಲ್ಲಿ ಡಿಜಿಟಲ್ ಸಹಿಯ ಟೋಕನ್ನಿಗೆ ಸೇರಿದ ಪ್ರೋಗ್ರಾಂ ಇರುತ್ತದೆ. ಅದನ್ನು ಆಫ್ ಮಾಡಿದವರಿಗೆ ಅದರ ಅಗತ್ಯ ತಿಳಿಯುವುದು ಕೊನೆಯ ದಿನಾಂಕದಂದು ಟೋಕನ್ ಚುಚ್ಚಿದಾಗ. ಕನ್ನಡ ಟೈಪಿಂಗಿಗೆ ನುಡಿ ಅಥವಾ ಬರಹವನ್ನು ದಿನವಿಡೀ ಬಳಸುವವರಿಗೆ ಅದು ಪಟ್ಟಿಯಲ್ಲಿರುವುದೇ ಅನುಕೂಲ.

ಕ್ಲೌಡ್‌ಗೆ ಫೈಲು ಕಳಿಸುವ ಒನ್‌ಡ್ರೈವ್‌ನಂಥವು ಇಕ್ಕಟ್ಟಿನ ಪ್ರಶ್ನೆ. ಡಿಸ್ಕನ್ನು ಚೆನ್ನಾಗಿಯೇ ದುಡಿಸುತ್ತವೆ ನಿಜ. ಆದರೆ ಆಫ್ ಮಾಡಿದರೆ, ಯಾರಾದರೂ ನೆನಪಿಟ್ಟು ತೆರೆಯುವವರೆಗೂ ಫೈಲುಗಳ ಪ್ರತಿ ಮೇಲೆ ಹೋಗುವುದಿಲ್ಲ, ಹೋಗಿಲ್ಲವೆಂದು ಯಾರೂ ಎಚ್ಚರಿಸುವುದೂ ಇಲ್ಲ. ಪಟ್ಟಿಯಲ್ಲಿರುವ Windows Security notification icon ಎಂಬುದು ಹೆಸರೇ ಹೇಳುವಂತೆ ಬರೀ ಐಕಾನ್. ವೈರಸ್ ತಡೆಯುವ ಕೆಲಸ ಸರ್ವಿಸ್ ಆಗಿ ಬೇರೆಯೇ ನಡೆಯುತ್ತದೆ. ಆದರೂ ಎಚ್ಚರಿಕೆಗಳನ್ನು ತೋರಿಸುವುದು ಆ ಐಕಾನೇ, ಅದನ್ನು ತೆಗೆದು ಉಳಿಯುವುದೂ ಏನಿಲ್ಲ. ಪರಿಚಯವಿಲ್ಲದ ಹೆಸರು ಕಂಡರೆ ಬಲ ಗುಂಡಿಯಲ್ಲಿ Open file location ಒತ್ತಿ ಅದು ಯಾವ ಫೋಲ್ಡರಿನಲ್ಲಿದೆ ಎಂದು ನೋಡಬೇಕು. ತಯಾರಕರ ಹೆಸರಿಲ್ಲದೆ, Temp ಫೋಲ್ಡರಿನೊಳಗೆ ಅರ್ಥವಿಲ್ಲದ ಅಕ್ಷರಗಳ ಹೆಸರು ಹೊತ್ತು ಕುಳಿತಿದ್ದರೆ ಅದು ನಿಧಾನದ ಪ್ರಶ್ನೆಯಲ್ಲ, ವೈರಸ್ ತಪಾಸಣೆಯ ಪ್ರಶ್ನೆ.

ಲೆಕ್ಕ ಹೇಗೆ ಕೂಡುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಕಟ್ಟಿಕೊಳ್ಳಬಹುದು. ಹಾರ್ಡ್ ಡಿಸ್ಕ್ ಮತ್ತು 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್, ಪಟ್ಟಿಯಲ್ಲಿ ಚಾಲೂ ಇರುವ 14 ಪ್ರೋಗ್ರಾಂ. ಫರ್ಮ್‌ವೇರ್ ಸಮಯ 9 ಸೆಕೆಂಡು. ಮೂರು ರೀಸ್ಟಾರ್ಟ್‌ಗಳಲ್ಲಿ ಡೆಸ್ಕ್‌ಟಾಪ್‌ವರೆಗೆ 41, 43, 42 ಸೆಕೆಂಡು. ಡೆಸ್ಕ್‌ಟಾಪ್ ಬಂದ ಮೇಲೆ 97, 112, 101. ನಡುವಿನ ಅಂಕಿಗಳು 42 ಮತ್ತು 101. ಹೊತ್ತು ಸೋರುತ್ತಿರುವುದು ಎಲ್ಲಿ ಎಂದು ಇಲ್ಲಿಗೇ ಸ್ಪಷ್ಟವಾಯಿತು. ಪಟ್ಟಿ ಕತ್ತರಿಸುವುದಕ್ಕೆ ಇಂಥ ಯಂತ್ರವೇ ತಕ್ಕದ್ದು.

ಮೊದಲ ಸುತ್ತಿನಲ್ಲಿ ಏಳನ್ನು ಆಫ್ ಮಾಡಲಾಗುತ್ತದೆ: ಎರಡು ಮೀಟಿಂಗ್ ಆ್ಯಪ್, ಸಂಗೀತದ್ದು, ಆಟದ್ದು, ಪಿಡಿಎಫ್ ಸಹಾಯಕ, ಫೋನ್ ಜೋಡಿಸುವುದು, ಸ್ಕ್ಯಾನರಿನ ಬಟನ್ ಕಾಯುವುದು. ಒಂದು ಬೂಟ್ ಬಿಟ್ಟು ಮುಂದಿನ ಮೂರನ್ನು ಅಳೆದರೆ ಡೆಸ್ಕ್‌ಟಾಪ್‌ವರೆಗೆ 41, 40, 42. ಆಮೇಲೆ 52, 58, 55. ಮೊದಲ ಭಾಗ 42ರಿಂದ 41ಕ್ಕೆ ಇಳಿದದ್ದು ಇಳಿಕೆಯೇ ಅಲ್ಲ, ಅಷ್ಟು ವ್ಯತ್ಯಾಸ ಒಂದು ಬೂಟ್‌ಗೂ ಇನ್ನೊಂದಕ್ಕೂ ಸುಮ್ಮನೆ ಬರುತ್ತದೆ. ಎರಡನೆಯದು ಮಾತ್ರ 101ರಿಂದ 55ಕ್ಕೆ ಬಂದಿದೆ. ಹಳೆಯ ಮೂರು ಅಂಕಿಗಳಲ್ಲಿ ಅತಿ ಕಡಿಮೆಯದು 97, ಹೊಸದರಲ್ಲಿ ಅತಿ ಹೆಚ್ಚಿನದು 58. ನಡುವೆ ಇಷ್ಟು ದೊಡ್ಡ ಅಂತರವಿರುವಾಗ ಅನುಮಾನಕ್ಕೆ ಎಡೆಯಿಲ್ಲ.

ಎರಡನೆಯ ಸುತ್ತಿನಲ್ಲಿ ಕ್ಲೌಡ್ ಪ್ರೋಗ್ರಾಮನ್ನು ಆಫ್ ಮಾಡಿದರೆ 49, 57, 51 ಬಂತೆನ್ನೋಣ. ನಡುವಿನ ಅಂಕಿ 55ರಿಂದ 51ಕ್ಕೆ ಇಳಿದಂತೆ ಕಾಣುತ್ತದೆ. ಆದರೆ 52ರಿಂದ 58 ಮತ್ತು 49ರಿಂದ 57 ಒಂದರ ಮೇಲೊಂದು ಹಬ್ಬಿಕೊಂಡಿವೆ. ಈ ನಾಲ್ಕು ಸೆಕೆಂಡು ನಿಜವೋ ಆಕಸ್ಮಿಕವೋ ಮೂರು ಅಳತೆಗಳಿಂದ ಹೇಳಲಾಗದು. ಅನುಮಾನದ ನಾಲ್ಕು ಸೆಕೆಂಡಿಗಾಗಿ ಫೈಲುಗಳ ಪ್ರತಿಯನ್ನು ಬಿಟ್ಟುಕೊಡುವುದು ಲಾಭದ ವ್ಯವಹಾರವಲ್ಲ, ಅದನ್ನು ಮತ್ತೆ ಆನ್ ಮಾಡುವುದೇ ಸರಿ. ಅಳತೆಯಿಲ್ಲದೆ ಹದಿನಾಲ್ಕನ್ನೂ ಒಮ್ಮೆಗೇ ಆಫ್ ಮಾಡಿದ್ದರೆ ಈ ತೀರ್ಮಾನಕ್ಕೆ ದಾರಿಯೇ ಇರುತ್ತಿರಲಿಲ್ಲ.

ಇದೇ ಉದಾಹರಣೆಯಲ್ಲಿ ಉಳಿದಿರುವ 41 ಸೆಕೆಂಡಿನ ಮೊದಲ ಭಾಗವನ್ನು ಪಟ್ಟಿಯಿಂದ ಕರಗಿಸಲು ಆಗುವುದಿಲ್ಲ. ಅಲ್ಲಿ ಓಡುವುದು ಡ್ರೈವರುಗಳು ಮತ್ತು ಸರ್ವಿಸ್‌ಗಳು, ಕಾಯಿಸುವುದು ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಎರಡೂ ಭಾಗಗಳು ಒಟ್ಟಿಗೆ ಕುಗ್ಗುತ್ತವೆ. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ ಇದ್ದರೆ ಒಂದನ್ನು ಅಳಿಸುವುದರಿಂದಲೂ ಫಲ ಕಾಣಬಹುದು. msconfig ತೆರೆದು ಪ್ರೊಸೆಸರುಗಳ ಸಂಖ್ಯೆಯನ್ನು ಹೆಚ್ಚು ಮಾಡಿದರೆ ಬೂಟ್ ವೇಗವಾಗುತ್ತದೆ ಎಂಬ ಸಲಹೆ ವರ್ಷಗಳಿಂದ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಆ ಸೆಟ್ಟಿಂಗ್ ಇರುವುದು ಪರೀಕ್ಷೆಗಾಗಿ ಪ್ರೊಸೆಸರುಗಳನ್ನು ಮಿತಿಗೊಳಿಸಲು. ಮುಟ್ಟದೆ ಬಿಟ್ಟರೆ ವಿಂಡೋಸ್ ಇರುವುದೆಲ್ಲವನ್ನೂ ಬಳಸುತ್ತದೆ.

ಆಫ್ ಮಾಡಿದ ಪ್ರೋಗ್ರಾಂ ಮತ್ತೆ ತಾನಾಗಿ ಏಳುವುದೂ ಉಂಟು. ಟಾಸ್ಕ್ ಮ್ಯಾನೇಜರಿನ ಪಟ್ಟಿ ರಿಜಿಸ್ಟ್ರಿಯ Run ಎಂಬ ಕೀಲಿಗಳನ್ನೂ ಸ್ಟಾರ್ಟ್‌ಅಪ್ ಫೋಲ್ಡರನ್ನೂ ನೋಡುತ್ತದೆಯೇ ಹೊರತು, ಲಾಗಿನ್ ಆದಾಗ ಶುರು ಮಾಡೆಂದು ಟಾಸ್ಕ್ ಶೆಡ್ಯೂಲರಿನಲ್ಲಿ ಬರೆಸಿಕೊಂಡವನ್ನು ತೋರಿಸುವುದಿಲ್ಲ. ಅವನ್ನೂ ಸೇರಿಸಿ ಎಲ್ಲವನ್ನೂ ಕಾಣಬೇಕಾದರೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಟೋರನ್ಸ್ ಇದೆ. ಅದರಲ್ಲಿ Hide Microsoft Entries ಆರಿಸಿಕೊಂಡರೆ ವಿಂಡೋಸಿನ ಸ್ವಂತ ಸಾಲುಗಳು ಮರೆಯಾಗಿ, ಕೈತಪ್ಪಿ ಅವನ್ನೇ ತೆಗೆಯುವ ಅಪಾಯ ಕಡಿಮೆಯಾಗುತ್ತದೆ. ಇನ್ನೊಂದು ಕಾರಣ ವಿಂಡೋಸಿನ Sign-in options ಪುಟದಲ್ಲಿರುವ, ತೆರೆದಿಟ್ಟ ಆ್ಯಪ್‌ಗಳನ್ನು ಮುಂದಿನ ಲಾಗಿನ್‌ನಲ್ಲಿ ಮತ್ತೆ ತೆರೆಯುವ ಸೆಟ್ಟಿಂಗ್. ಅಳತೆಯ ದಿನಗಳಲ್ಲಿ ಅದು ಆಫ್ ಆಗಿರಬೇಕು. ಇಲ್ಲದಿದ್ದರೆ ರೀಸ್ಟಾರ್ಟ್‌ಗೆ ಮುಂಚೆ ಬ್ರೌಸರ್ ತೆರೆದಿತ್ತೋ ಇಲ್ಲವೋ ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ.

ಕೆಲವು ಪ್ರೋಗ್ರಾಂಗಳು ಹೊಸ ಆವೃತ್ತಿಗೆ ಬದಲಾದಾಗ ಹೊಸ ಹೆಸರಿನಲ್ಲಿ ಪಟ್ಟಿಗೆ ಮರಳುತ್ತವೆ. ಕೆಲವು ತಿಂಗಳಾದ ಮೇಲೆ ಮತ್ತೊಮ್ಮೆ ಮೂರು ಬೂಟ್ ಅಳೆದು ಹಳೆಯದರ ಪಕ್ಕದಲ್ಲಿಟ್ಟರೆ ಅದು ಗೊತ್ತಾಗುತ್ತದೆ. ಆದರೆ ಹಳೆಯ ಅಂಕಿಗಳಿಗಾಗಿ ಈವೆಂಟ್ ವ್ಯೂವರನ್ನೇ ನಂಬುವಂತಿಲ್ಲ. ಆ ಲಾಗಿನ ಗಾತ್ರಕ್ಕೆ ಮಿತಿಯಿದೆ, ತುಂಬಿದಂತೆ ಹಿಂದಿನ ದಾಖಲೆಗಳು ಅಳಿದುಹೋಗುತ್ತವೆ. ದಿನಾಂಕ, ಎರಡು ಭಾಗಗಳ ನಡುವಿನ ಅಂಕಿ ಮತ್ತು ಆಫ್ ಮಾಡಿದವುಗಳ ಹೆಸರನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಬೇಕಾಗುತ್ತದೆ.